ಕುಡಿಯುವ ನೀರಿನಲ್ಲಿ ಸೀಸ, ಪಾದರಸ: ಹಳದಿ ಬಣ್ಣ ಬರಲಿಲ್ಲವೆಂದರೆ ಸಾಕೇ?

ದಾವಣಗೆರೆಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅವರ ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ‘ಕುಡಿಯುವ ನೀರಿನಲ್ಲಿ ಸೀಸ ಮತ್ತು ಪಾದರಸದ ಆಕರಗಳು, ಆರೋಗ್ಯದ ಮೇಲಿನ ಪರಿಣಾಮಗಳು ಹಾಗೂ ಪತ್ತೆಹಚ್ಚುವ ಸರಳ ವಿಧಾನಗಳನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುತ್ತದಂತೆ. ಅದಕ್ಕೊಂದು ಉತ್ತರ ಬರೆದುಕೊಡಿ ಎಂಬುದು ಪತ್ರದ ಮೊದಲ ಭಾಗ. ಎರಡನೆಯ ಭಾಗ ನನಗೆ ಹೆಚ್ಚು ಮುಖ್ಯವೆನಿಸಿತು. ಮನೆ ನಲವತ್ತು ವರ್ಷ ಹಳೆಯದು. ಹಿತ್ತಾಳೆಯ ನಲ್ಲಿಗಳು, ಅರ್ಧ ಜಿ.ಐ. ಪೈಪು, ಅರ್ಧ ಈಚೆಗೆ ಹಾಕಿಸಿದ ಪಿ.ವಿ.ಸಿ. ಪೈಪು. ಮನೆಯಲ್ಲಿ ಎರಡು ವರ್ಷದ ಮೊಮ್ಮಗನಿದ್ದಾನೆ. ಮಗಳು ಅಡುಗೆಮನೆಯ ನಲ್ಲಿಯ ನೀರನ್ನು ಕಾಲೇಜಿಗೆ ಒಯ್ದು ಪ್ರನಾಳದಲ್ಲಿ ಪೊಟ್ಯಾಸಿಯಂ ಅಯೊಡೈಡ್ ಹಾಕಿ ನೋಡಿದಳಂತೆ. ಹಳದಿ ಬಣ್ಣ ಬರಲಿಲ್ಲ. ‘ಹಾಗಾದರೆ ನಮ್ಮ ನೀರಿನಲ್ಲಿ ಸೀಸವಿಲ್ಲ, ಯೋಚನೆಗೆ ಕಾರಣವಿಲ್ಲ ಎಂದು ತಿಳಿಯಬಹುದೇ ಡಾಕ್ಟರೇ?’ ಎಂದು ಕೇಳಿದ್ದಾರೆ.

ತಿಳಿಯುವಂತಿಲ್ಲ. ಆ ಪರೀಕ್ಷೆ ಸುಳ್ಳಲ್ಲ, ಆದರೆ ಅದು ಕೇಳುವ ಪ್ರಶ್ನೆಯೇ ಬೇರೆ. ಪರೀಕ್ಷೆಯ ಉತ್ತರ ಮತ್ತು ಮನೆಯ ಉತ್ತರ ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಇವತ್ತು ನೋಡೋಣ.

ನೀರು ಹೊರಟಾಗ ಶುದ್ಧ, ತಲುಪುವಾಗ ಅಲ್ಲ

ಸೀಸದ ವಿಚಾರದಲ್ಲಿ ಮೊದಲು ತಿಳಿಯಬೇಕಾದ್ದು ಇದು: ನದಿ, ಕೆರೆಗಳ ನೀರಿನಲ್ಲಿ ಸಾಮಾನ್ಯವಾಗಿ ಸೀಸ ಬಹಳ ಕಡಿಮೆ. ಶುದ್ಧೀಕರಣ ಘಟಕದಿಂದ ಹೊರಡುವ ನೀರಿನಲ್ಲಿ ಇನ್ನೂ ಕಡಿಮೆ. ಸೀಸ ಸೇರುವುದು ಹೆಚ್ಚಾಗಿ ದಾರಿಯಲ್ಲಿ ಮತ್ತು ಮನೆಯೊಳಗೆ. ಇದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ನಡೆದುದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಸುಮಾರು ಒಂದು ಲಕ್ಷ ಜನರ ಊರು ಅದು. ಡೆಟ್ರಾಯಿಟ್ ನಗರದಿಂದ ಹ್ಯೂರಾನ್ ಸರೋವರದ ನೀರು ಅಲ್ಲಿಗೆ ಬರುತ್ತಿತ್ತು. ಆ ನೀರಿಗೆ ಸ್ವಲ್ಪ ಆರ್ಥೋಫಾಸ್ಫೇಟ್ ಬೆರೆಸುತ್ತಿದ್ದರು. ಇದು ಪೈಪಿನ ಒಳಮೈಯಲ್ಲಿ ಸೀಸದೊಂದಿಗೆ ಸೇರಿ ಕರಗದ ತೆಳು ಪೊರೆ ಕಟ್ಟುತ್ತದೆ. ಹಿತ್ತಲ ಒಲೆಯ ಮೇಲಿನ ಹಂಡೆಯಲ್ಲಿ ಕಟ್ಟುವ ಬಿಳಿ ಹಕ್ಕಳೆಯನ್ನು ನೆನೆಸಿಕೊಳ್ಳಿ, ಅಂಥದೇ ಒಂದು ಹೊದಿಕೆ. ಹೊದಿಕೆ ಗಟ್ಟಿಯಾಗಿರುವವರೆಗೆ ಒಳಗೆ ಸೀಸದ ಪೈಪಿದ್ದರೂ ನೀರಿಗೆ ಅದು ಅಷ್ಟಾಗಿ ತಾಗುವುದಿಲ್ಲ. 2014ರ ಏಪ್ರಿಲ್ 25ರಂದು ಹಣ ಉಳಿಸುವ ಸಲುವಾಗಿ ಊರಿನ ನೀರನ್ನು ಫ್ಲಿಂಟ್ ನದಿಗೆ ಬದಲಾಯಿಸಿದರು. ಆ ನದಿಯ ನೀರಿನಲ್ಲಿ ಕ್ಲೋರೈಡ್ ಹೆಚ್ಚು, ಲೋಹವನ್ನು ತಿನ್ನುವ ಗುಣ ಹೆಚ್ಚು. ಜೊತೆಗೆ ಫಾಸ್ಫೇಟ್ ಹಾಕುವುದನ್ನೂ ಬಿಟ್ಟರು. ವರ್ಷಾನುಗಟ್ಟಲೆ ಕಟ್ಟಿದ್ದ ಪೊರೆ ಕರಗಿ, ಉದುರಿ ನೀರಿನಲ್ಲಿ ಬರತೊಡಗಿತು. ಆರು ತಿಂಗಳಾಗುವಷ್ಟರಲ್ಲಿ ಜನರಲ್ ಮೋಟಾರ್ಸ್ ಕಂಪೆನಿ ಈ ನೀರು ಎಂಜಿನ್ನಿನ ಭಾಗಗಳನ್ನು ತುಕ್ಕು ಹಿಡಿಸುತ್ತದೆಂದು ತನ್ನ ಕಾರ್ಖಾನೆಗೆ ಅದನ್ನು ಬಳಸುವುದನ್ನೇ ನಿಲ್ಲಿಸಿತು. ಊರಿನ ಮಕ್ಕಳು ಮಾತ್ರ ಮುಂದಿನ ವರ್ಷದ ಅಕ್ಟೋಬರಿನವರೆಗೂ ಅದನ್ನೇ ಕುಡಿದರು.

ಲೀ-ಆನ್ ವಾಲ್ಟರ್ಸ್ ಎಂಬ ಗೃಹಿಣಿಯ ಮನೆಯಲ್ಲಿ ಮಕ್ಕಳಿಗೆ ಮೈಮೇಲೆ ದದ್ದು. ಅವಳಿ ಮಕ್ಕಳಲ್ಲಿ ಒಬ್ಬನ ಬೆಳವಣಿಗೆ ಕುಂಠಿತವಾಗಿತ್ತು. ಆಕೆ ಪಟ್ಟು ಹಿಡಿದು ನೀರಿನ ಪರೀಕ್ಷೆ ಮಾಡಿಸಿದಾಗ, 2015ರ ಫೆಬ್ರುವರಿಯಲ್ಲಿ ಲೀಟರಿಗೆ 104 ಮೈಕ್ರೊಗ್ರಾಂ ಸೀಸ ಕಂಡಿತು. ಮಾರ್ಚಿನಲ್ಲಿ ಅದು 397 ಆಯಿತು. ಬಳಿಕ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಎಡ್ವರ್ಡ್ಸ್ ಅದೇ ಮನೆಯಿಂದ ಹಲವು ಮಾದರಿಗಳನ್ನು ತೆಗೆಸಿ ನೋಡಿದರು. ಸರಾಸರಿ 2,000ಕ್ಕೂ ಹೆಚ್ಚು, ಒಂದರಲ್ಲಂತೂ 13,200. ಅಲ್ಲಿನ ಸರ್ಕಾರ 5,000ಕ್ಕೂ ಮೇಲಿದ್ದರೆ ಅಪಾಯಕಾರಿ ತ್ಯಾಜ್ಯವೆಂದು ಎಣಿಸುತ್ತದೆ. ಇಷ್ಟೆಲ್ಲ ಇದ್ದ ಮನೆಯ ಒಳಗಿನ ಪೈಪುಗಳು ಯಾವುವು ಗೊತ್ತೇ? ಪ್ಲಾಸ್ಟಿಕ್. ಸೀಸವಿದ್ದುದು ಬೀದಿಯಿಂದ ಮನೆಗೆ ಬರುವ, ನೆಲದೊಳಗೆ ಹೂತಿದ್ದ ಪೈಪಿನಲ್ಲಿ.

ನಮ್ಮಲ್ಲಿ ಅಮೆರಿಕದಂತೆ ಮನೆಮನೆಗೂ ಸೀಸದ ಪೈಪು ಹಾಕುವ ರೂಢಿ ಇರಲಿಲ್ಲ, ಅಷ್ಟರಮಟ್ಟಿಗೆ ನಾವು ಬದುಕಿದೆವು. ಆದರೆ ಬೇರೆ ದಾರಿಗಳಿವೆ. ಹಳೆಯ ಬೀಡುಕಬ್ಬಿಣದ ಪೈಪುಗಳ ಜೋಡಣೆಗೆ ಕರಗಿಸಿದ ಸೀಸ ಸುರಿಯುತ್ತಿದ್ದರು. ಹಿತ್ತಾಳೆಯ ನಲ್ಲಿ, ವಾಲ್ವುಗಳನ್ನು ಕಡೆಯಲು ಸುಲಭವಾಗಲೆಂದು ಮಿಶ್ರಲೋಹಕ್ಕೆ ಸ್ವಲ್ಪ ಸೀಸ ಸೇರಿಸುತ್ತಾರೆ. ಬೆಸುಗೆಯ ಲೋಹದಲ್ಲಿ ಸೀಸವುಂಟು. ಪಿ.ವಿ.ಸಿ. ಪೈಪು ತಯಾರಿಸುವಾಗ ಬಿಸಿಗೆ ಕೆಡದಿರಲೆಂದು ಸೀಸದ ಲವಣ ಬೆರೆಸುವ ಪದ್ಧತಿ ನಮ್ಮಲ್ಲಿ ಬಹುಕಾಲ ನಡೆದುಬಂದಿತ್ತು. ಅದನ್ನು ನಿಲ್ಲಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಷ್ಟೇ ಹೊರಡಿಸಿತು. ಇಂಥ ಪೈಪಿನಿಂದ ಸೀಸ ಹೆಚ್ಚು ಬಿಡುವುದು ಹೊಸದಿದ್ದಾಗ, ಒಳಮೈಯಿಂದ. ನೀರು ಹರಿದಷ್ಟೂ ಕಡಿಮೆಯಾಗುತ್ತ ಹೋಗುತ್ತದೆ. ಕಲಾಯಿ ಹಾಕುವವನು ಶುದ್ಧ ತವರದ ಬದಲು ಸೀಸ ಬೆರೆತ ಅಗ್ಗದ ಲೋಹ ಬಳಸಿದ್ದರೆ, ಆ ಪಾತ್ರೆಯಲ್ಲಿ ಕುದಿಸಿದ ಹುಣಿಸೆ ಸಾರಿಗೂ ಸೀಸ ಇಳಿಯುತ್ತದೆ. ಇನ್ನು ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಚಿಕ್ಕಪುಟ್ಟ ಶೆಡ್ಡುಗಳ ಸುತ್ತಲಿನ ಮಣ್ಣು, ತೆರೆದ ಬಾವಿಗಳ ಮಾತು ಬೇರೆ. ಅಲ್ಲಿ ನೀರಿಗಿಂತ ಧೂಳೇ ದೊಡ್ಡ ಶತ್ರು.

ನೀರು ಆಮ್ಲೀಯವಾಗಿದ್ದರೆ, ಮೃದುವಾಗಿದ್ದರೆ, ಬಿಸಿಯಾಗಿದ್ದರೆ, ಪೈಪಿನಲ್ಲಿ ರಾತ್ರಿಯಿಡೀ ನಿಂತಿದ್ದರೆ ಹೆಚ್ಚು ಸೀಸ ಕರಗುತ್ತದೆ. ಪರೀಕ್ಷೆಯಲ್ಲಿ ‘ಆಕರಗಳು’ ಎಂದು ಪಟ್ಟಿ ಬರೆಯುವಾಗ ಈ ಒಂದು ವಾಕ್ಯವನ್ನು ವಿದ್ಯಾರ್ಥಿಗಳು ಬಿಟ್ಟುಬಿಡುತ್ತಾರೆ. ಮೌಲ್ಯಮಾಪಕ ನಾನಾಗಿದ್ದರೆ ಈ ವಾಕ್ಯಕ್ಕೇ ಒಂದು ಅಂಕ ಹೆಚ್ಚು ಕೊಟ್ಟೇನು.

ಮೂಳೆಯಲ್ಲಿ ಅಡಗುವ ವಿಷ

ಸೀಸಕ್ಕೆ ನಮ್ಮ ದೇಹದಲ್ಲಿ ಯಾವ ಕೆಲಸವೂ ಇಲ್ಲ. ಆದರೆ ಅದು ಕ್ಯಾಲ್ಸಿಯಂನ ವೇಷ ಹಾಕಬಲ್ಲದು. ಕರುಳು ಅದನ್ನು ಕ್ಯಾಲ್ಸಿಯಂ ಎಂದೇ ಬಗೆದು ಒಳಗೆ ಬಿಟ್ಟುಕೊಳ್ಳುತ್ತದೆ. ಮೂಳೆ ಅದನ್ನು ಕ್ಯಾಲ್ಸಿಯಂ ಎಂದೇ ಕೂಡಿಟ್ಟುಕೊಳ್ಳುತ್ತದೆ. ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ರಕ್ತಕ್ಕೆ ಸೇರಿದರೆ, ಚಿಕ್ಕ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸೇರುತ್ತದೆ. ಊಟದಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನೂ ಹೆಚ್ಚು. ರಕ್ತಹೀನತೆ ನಮ್ಮ ಮಕ್ಕಳಲ್ಲಿ ಎಷ್ಟು ಸಾಮಾನ್ಯವೆಂದು ನಿಮಗೆ ಗೊತ್ತಿದೆ. ಆದ್ದರಿಂದ ಒಂದೇ ಲೋಟ ನೀರು ಎಲ್ಲ ಮಕ್ಕಳಿಗೂ ಒಂದೇ ಅಲ್ಲ.

ರಕ್ತಕ್ಕೆ ಸೇರಿದ ಸೀಸ ಅಲ್ಲಿ ಸುಮಾರು ಒಂದು ತಿಂಗಳಲ್ಲಿ ಅರ್ಧವಾಗುತ್ತದೆ. ಆದರೆ ಮೂಳೆಗೆ ಹೋದದ್ದು ದಶಕಗಳ ಕಾಲ ಅಲ್ಲೇ ಇರುತ್ತದೆ. ಗರ್ಭಿಣಿಯಾದಾಗ ಮಗುವಿನ ಮೂಳೆಗೆಂದು ತಾಯಿಯ ಮೂಳೆ ಕರಗುತ್ತದಲ್ಲ, ಆಗ ಆಕೆ ಚಿಕ್ಕಂದಿನಲ್ಲಿ ಕುಡಿದ ಸೀಸ ಹೊರಬಂದು ಹೊಟ್ಟೆಯ ಕೂಸಿಗೆ ಹೋಗಬಹುದು.

ರಕ್ತ ತಯಾರಾಗಲು ಬೇಕಾದ ಎರಡು ಕಿಣ್ವಗಳನ್ನು ಸೀಸ ತಡೆಯುತ್ತದೆ, ಅದರಿಂದ ರಕ್ತಹೀನತೆ. ಹೆಚ್ಚು ಪ್ರಮಾಣದಲ್ಲಿ ಸೇರಿದರೆ ಹೊಟ್ಟೆ ಹಿಂಡುವ ನೋವು, ಮಲಬದ್ಧತೆ, ವಸಡಿನ ಅಂಚಿನಲ್ಲಿ ನೀಲಿ ಗೆರೆ, ಮುಂಗೈ ಜೋತುಬೀಳುವುದು, ಮೂತ್ರಪಿಂಡದ ಹಾನಿ, ರಕ್ತದ ಒತ್ತಡ. ಪಠ್ಯಪುಸ್ತಕಗಳಲ್ಲಿರುವುದು ಇವೇ, ಪರೀಕ್ಷೆಗೆ ಇವನ್ನು ಬರೆಯಲೇಬೇಕು. ಆದರೆ ನಲ್ಲಿ ನೀರಿನ ಸೀಸ ಸಾಮಾನ್ಯವಾಗಿ ಇಷ್ಟು ಆರ್ಭಟ ಮಾಡುವುದಿಲ್ಲ. ಮಗು ಆಟವಾಡಿಕೊಂಡಿರುತ್ತದೆ, ಊಟ ಮಾಡುತ್ತದೆ. ವರ್ಷಗಳ ಮೇಲೆ ಶಾಲೆಯಲ್ಲಿ ಗಮನ ನಿಲ್ಲುವುದಿಲ್ಲ, ಮಾತು ತಡ, ಲೆಕ್ಕ ಹತ್ತುವುದಿಲ್ಲ, ಸಿಡುಕು. ‘ನಮ್ಮ ಹುಡುಗ ಸ್ವಲ್ಪ ದಡ್ಡ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಆ ವೇಳೆಗೆ ಮಿದುಳಿಗೆ ಆದ ನಷ್ಟವನ್ನು ಯಾವ ಔಷಧಿಯೂ ಹಿಂದಕ್ಕೆ ತರುವುದಿಲ್ಲ.

ಎಷ್ಟು ಸೀಸ ಹೆಚ್ಚು ಎಂಬ ಲೆಕ್ಕ ವರ್ಷ ಕಳೆದಂತೆ ಇಳಿಯುತ್ತಲೇ ಬಂದಿದೆ. ಅಮೆರಿಕದಲ್ಲಿ ಮಕ್ಕಳ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಎಂದು 1991ರಲ್ಲಿ ಇಟ್ಟುಕೊಂಡಿದ್ದ ಗಡಿ 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಯಿತು. ಸುರಕ್ಷಿತ ಮಟ್ಟವೆಂಬುದು ಯಾವುದೂ ತಿಳಿದಿಲ್ಲ ಎಂಬುದು ಈಗಿನ ವೈದ್ಯಕೀಯ ನಿಲುವು. ಫ್ಲಿಂಟ್‌ನಲ್ಲಿ ಮಕ್ಕಳ ತಜ್ಞೆ ಡಾ. ಮೋನಾ ಹನ್ನಾ-ಅತೀಶಾ ಆಸ್ಪತ್ರೆಯ ದಾಖಲೆಗಳನ್ನು ತೆಗೆದು ನೋಡಿದಾಗ, ನೀರು ಬದಲಾದ ಮೇಲೆ 5ಕ್ಕಿಂತ ಹೆಚ್ಚು ಸೀಸವಿದ್ದ ಮಕ್ಕಳ ಪ್ರಮಾಣ ನೂರಕ್ಕೆ 2.4ರಿಂದ 4.9ಕ್ಕೆ ಏರಿತ್ತು. ಆಕೆ 2015ರ ಸೆಪ್ಟೆಂಬರಿನಲ್ಲಿ ಅದನ್ನು ಬಹಿರಂಗಪಡಿಸಿದ ಮೇಲೆಯೇ ಸರ್ಕಾರ ಅಲುಗಾಡಿತು.

ನಮ್ಮಲ್ಲಿಯೂ 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಬೆಂಗಳೂರು ಸೇರಿದಂತೆ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸ 10ರ ಗಡಿ ದಾಟಿತ್ತು. ಆಗ ಮುಖ್ಯ ಕಾರಣ ಪೆಟ್ರೋಲ್. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಗಾಳಿಯ ಪಾಲು ಇಳಿದ ಮೇಲೆ ಬಣ್ಣ, ಪಾತ್ರೆ, ಮಸಾಲೆ, ನೀರು ಇವುಗಳ ಪಾಲನ್ನು ಹುಡುಕಬೇಕಾಗಿ ಬಂದಿದೆ.

ಪಾದರಸದ ದಾರಿ ಬೇರೆ

ಪ್ರಶ್ನೆಯಲ್ಲಿ ಸೀಸ, ಪಾದರಸ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಆದರೆ ಇವೆರಡರ ನಡತೆ ಒಂದೇ ಅಲ್ಲ. ಪಾದರಸ ಮನೆಯ ಪೈಪಿನಿಂದ ಬರುವುದಿಲ್ಲ. ಕಾಸ್ಟಿಕ್ ಸೋಡಾ ತಯಾರಿಸುವ ಹಳೆಯ ಮಾದರಿಯ ಕಾರ್ಖಾನೆಗಳು, ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳು, ಚಿನ್ನ ತೆಗೆಯುವ ಚಿಕ್ಕ ಗಣಿಗಳು, ಒಡೆದ ಥರ್ಮಾಮೀಟರು, ಬಿಸಾಡಿದ ಟ್ಯೂಬ್‌ಲೈಟುಗಳು ಇದರ ಆಕರಗಳು. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿದ್ದು, ಪಾದರಸ ಅಂಟಿದ ಗಾಜಿನ ಚೂರುಗಳು ಗುಜರಿ ಅಂಗಡಿಯಲ್ಲಿ ಸಿಕ್ಕಿದ ಮೇಲೆ.

ಕುಡಿಯುವ ನೀರಿನಲ್ಲಿ ಇದ್ದರೂ ಪಾದರಸ ಹೆಚ್ಚಾಗಿ ನಿರವಯವ ಲವಣವಾಗಿರುತ್ತದೆ. ಇದು ಹಾನಿ ಮಾಡುವುದು ಮುಖ್ಯವಾಗಿ ಮೂತ್ರಪಿಂಡಕ್ಕೆ. ಮಿದುಳನ್ನು ಕೆಡಿಸುವ ಭಯಂಕರ ರೂಪ ಮೀಥೈಲ್ ಪಾದರಸ. ಕೆರೆ, ಸಮುದ್ರಗಳ ತಳದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಪಾದರಸವನ್ನು ಈ ರೂಪಕ್ಕೆ ತಿರುಗಿಸುತ್ತವೆ. ಅದು ಹಾವಸೆಯಿಂದ ಚಿಕ್ಕ ಮೀನಿಗೆ, ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತ ಹೆಚ್ಚುತ್ತದೆ.

ಉತ್ತರಪತ್ರಿಕೆಗಳಲ್ಲಿ ತಪ್ಪುವುದು ಇಲ್ಲಿಯೇ. ‘ಪಾದರಸವಿದ್ದ ನೀರು ಕುಡಿದು ಜಪಾನಿನಲ್ಲಿ ಮಿನಮಾಟಾ ರೋಗ ಬಂತು’ ಎಂದು ಎಷ್ಟೋ ಗೈಡುಗಳಲ್ಲಿ ಅಚ್ಚಾಗಿದೆ. ಮಿನಮಾಟಾದ ಜನ ಕೊಲ್ಲಿಯ ಉಪ್ಪುನೀರನ್ನು ಕುಡಿಯಲಿಲ್ಲ, ಮೀನು ತಿಂದರು. ಚಿಸ್ಸೊ ಕಂಪೆನಿಯ ಕಾರ್ಖಾನೆ ಅಸಿಟಾಲ್ಡಿಹೈಡ್ ತಯಾರಿಕೆಗೆ ಪಾದರಸದ ಸಲ್ಫೇಟ್ ಬಳಸಿ, ತ್ಯಾಜ್ಯವನ್ನು ಕೊಲ್ಲಿಗೆ ಬಿಡುತ್ತಿತ್ತು. ಮೊದಲು ಮೀನು ತಿಂದ ಬೆಕ್ಕುಗಳು ಹುಚ್ಚೆದ್ದಂತೆ ಕುಣಿದು ಸತ್ತವು. 1956ರಲ್ಲಿ ಮನುಷ್ಯರ ರೋಗ ಅಧಿಕೃತವಾಗಿ ದಾಖಲಾಯಿತು. ಕೈಕಾಲು ಮರಗಟ್ಟುವುದು, ನಡಿಗೆ ತಪ್ಪುವುದು, ಕೊಳವೆಯಲ್ಲಿ ನೋಡಿದಂತೆ ದೃಷ್ಟಿ ಕಿರಿದಾಗುವುದು, ಮಾತು ತೊದಲುವುದು ಇದರ ಲಕ್ಷಣ. ತಾಯಿಗೆ ಹೆಚ್ಚೇನೂ ಆಗದಿದ್ದರೂ ಹುಟ್ಟಿದ ಮಗುವಿಗೆ ತೀವ್ರ ಅಂಗವಿಕಲತೆ ಬಂದ ಉದಾಹರಣೆಗಳಿವೆ. ಆದ್ದರಿಂದ ಪರೀಕ್ಷೆಯಲ್ಲಿ ‘ನೀರಿನ ಮಾಲಿನ್ಯದಿಂದ ಮೀನಿನ ಮೂಲಕ’ ಎಂದು ಬರೆಯಿರಿ.

ನಮ್ಮ ಭಾರತೀಯ ಮಾನಕ ಐ.ಎಸ್. 10500ರ 2012ರ ಆವೃತ್ತಿಯ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಸೀಸ 0.01 ಮಿಲಿಗ್ರಾಂ, ಪಾದರಸ 0.001 ಮಿಲಿಗ್ರಾಂ ಮೀರಬಾರದು. ಅಂದರೆ ಸೀಸ 10 ಮೈಕ್ರೊಗ್ರಾಂ, ಪಾದರಸ 1 ಮೈಕ್ರೊಗ್ರಾಂ. 1991ರ ಆವೃತ್ತಿಯಲ್ಲಿ ಸೀಸಕ್ಕೆ 0.05 ಇತ್ತು, ಹಳೆಯ ಪುಸ್ತಕ ನೋಡಿ ಬರೆಯುವವರು ಎಚ್ಚರದಿಂದಿರಬೇಕು.

ಪ್ರನಾಳ ಹೇಳುವುದೆಷ್ಟು

ಈಗ ಪತ್ತೆಯ ವಿಷಯ. ಕಾಲೇಜಿನಲ್ಲಿ ಕಲಿಸುವ ವಿಧಾನಗಳು ಇವು. ಸೀಸದ ಲವಣದ ದ್ರಾವಣಕ್ಕೆ ಪೊಟ್ಯಾಸಿಯಂ ಅಯೊಡೈಡ್ ಹಾಕಿದರೆ ಹಳದಿ ಪ್ರಕ್ಷೇಪ ಬರುತ್ತದೆ:

Pb²⁺ + 2I⁻ → PbI₂

ಅದನ್ನು ಕಾಯಿಸಿದರೆ ಕರಗಿ ಮಾಯವಾಗುತ್ತದೆ, ಆರಿದಾಗ ಚಿನ್ನದ ಹೊಟ್ಟಿನಂತೆ ಮಿನುಗುತ್ತ ಮತ್ತೆ ಇಳಿಯುತ್ತದೆ. ನೋಡಲು ಬಹಳ ಚೆಂದ. ಪೊಟ್ಯಾಸಿಯಂ ಕ್ರೋಮೇಟ್ ಹಾಕಿದರೂ ಹಳದಿಯೇ. ಸ್ವಲ್ಪ ಅಸಿಟಿಕ್ ಆಮ್ಲ ಸೇರಿಸಿ ಸೋಡಿಯಂ ಸಲ್ಫೈಡ್ ಹಾಕಿದರೆ ಕಪ್ಪು ಅಥವಾ ಕಂದು ಬಣ್ಣ:

Pb²⁺ + S²⁻ → PbS

ಇಲ್ಲಿ ಆಮ್ಲ ಹಾಕುವುದೇಕೆಂದರೆ, ನಮ್ಮ ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿರುವ ಕಬ್ಬಿಣವೂ ಕ್ಷಾರದಲ್ಲಿ ಸಲ್ಫೈಡಿನೊಂದಿಗೆ ಕಪ್ಪಾಗುತ್ತದೆ, ಆಮ್ಲದಲ್ಲಿ ಆಗುವುದಿಲ್ಲ. ತಾಮ್ರ ಮಾತ್ರ ಆಮ್ಲದಲ್ಲಿಯೂ ಮೋಸ ಮಾಡುತ್ತದೆ.

ಪಾದರಸಕ್ಕೆ ಅದೇ ಪೊಟ್ಯಾಸಿಯಂ ಅಯೊಡೈಡ್ ಹಾಕಿದರೆ ಕುಂಕುಮದಂಥ ಕೆಂಪು ಪ್ರಕ್ಷೇಪ ಬರುತ್ತದೆ, ಇನ್ನಷ್ಟು ಹಾಕಿದರೆ ಕರಗಿ ಬಣ್ಣವಿಲ್ಲದಂತಾಗುತ್ತದೆ:

Hg²⁺ + 2I⁻ → HgI₂
HgI₂ + 2I⁻ → [HgI₄]²⁻

ಸ್ಟ್ಯಾನಸ್ ಕ್ಲೋರೈಡ್ ಹಾಕಿದರೆ ಮೊದಲು ಬಿಳಿ, ಆಮೇಲೆ ಬೂದು ಬಣ್ಣದ ಪಾದರಸವೇ ಕೂತುಕೊಳ್ಳುತ್ತದೆ:

2HgCl₂ + SnCl₂ → Hg₂Cl₂ + SnCl₄
Hg₂Cl₂ + SnCl₂ → 2Hg + SnCl₄

ಉಜ್ಜಿ ತೊಳೆದ ತಾಮ್ರದ ಪಟ್ಟಿಯನ್ನು ಆಮ್ಲ ಬೆರೆಸಿದ ದ್ರಾವಣದಲ್ಲಿ ಇಟ್ಟು, ಹೊರತೆಗೆದು ಬಟ್ಟೆಯಲ್ಲಿ ಉಜ್ಜಿದರೆ ಬೆಳ್ಳಿಯಂತೆ ಹೊಳೆಯುತ್ತದೆ. ಇವೆಲ್ಲ ಕಾಲೇಜಿನ ಪ್ರಯೋಗಾಲಯದಲ್ಲಿ, ಉಪಾಧ್ಯಾಯರ ಮುಂದೆ ಮಾಡುವಂಥವು. ಸಲ್ಫೈಡಿಗೆ ಆಮ್ಲ ಸೇರಿದಾಗ ಏಳುವ ಕೊಳೆತ ಮೊಟ್ಟೆಯ ವಾಸನೆಯ ಅನಿಲವೇ ವಿಷ; ಹೋಲಿಕೆಗೆಂದು ಬಳಸುವ ಪಾದರಸದ ಲವಣವಂತೂ ಮನೆಗೆ ಬರಲೇಬಾರದು.

ಈಗ ದಾವಣಗೆರೆಯ ಪ್ರನಾಳಕ್ಕೆ ಬರೋಣ. ಸೀಸದ ಅಯೊಡೈಡ್ ನೀರಿನಲ್ಲಿ ಪೂರ್ತಿ ಕರಗದ ವಸ್ತುವಲ್ಲ. ಸಾಧಾರಣ ಉಷ್ಣತೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು ಮುಕ್ಕಾಲು ಗ್ರಾಂ ಕರಗುತ್ತದೆ. ಅದರಲ್ಲಿ ಸೀಸದ ಪಾಲೇ 300 ಮಿಲಿಗ್ರಾಂಗೂ ಹೆಚ್ಚು. ಪೊಟ್ಯಾಸಿಯಂ ಅಯೊಡೈಡನ್ನು ಧಾರಾಳವಾಗಿ ಹಾಕಿದರೆ ಕರಗುವ ಪ್ರಮಾಣ ಬಹಳ ಇಳಿಯುತ್ತದೆ, ನಿಜ. ಆದರೂ ಕಣ್ಣಿಗೆ ಹಳದಿ ಕಾಣಬೇಕಾದರೆ ಲೀಟರಿಗೆ ಹಲವು ಮಿಲಿಗ್ರಾಂ ಸೀಸ ಇರಲೇಬೇಕು. ನಮಗೆ ಬೇಕಾದ ಗಡಿ ಒಂದು ಮಿಲಿಗ್ರಾಂನ ನೂರನೇ ಒಂದು ಪಾಲು. ವಾಲ್ಟರ್ಸ್ ಅವರ ಮನೆಯ 397 ಮೈಕ್ರೊಗ್ರಾಂ ನೀರು ನಮ್ಮ ಗಡಿಯ ಸುಮಾರು ನಲವತ್ತು ಪಟ್ಟು. ಅದನ್ನೇ ಈ ಪ್ರನಾಳಕ್ಕೆ ಹಾಕಿದ್ದರೂ ತಿಳಿನೀರು ತಿಳಿಯಾಗಿಯೇ ಇರುತ್ತಿತ್ತು. ದನ ತೂಗುವ ತಕ್ಕಡಿಯಲ್ಲಿ ಚಿನ್ನದ ಮೂಗುಬೊಟ್ಟು ಇಟ್ಟರೆ ಮುಳ್ಳು ಅಲ್ಲಾಡದು, ಹಾಗೆಂದು ಮೂಗುಬೊಟ್ಟು ಇಲ್ಲವೆನ್ನಲು ಬಂದೀತೇ?

ಕಾಲೇಜಿನಲ್ಲಿಯೇ ಒಂದು ಉಪಾಯವುಂಟು. ಒಂದು ಲೀಟರ್ ನೀರಿಗೆ ಕೆಲವು ಹನಿ ನೈಟ್ರಿಕ್ ಆಮ್ಲ ಹಾಕಿ, ನಿಧಾನವಾಗಿ ಬತ್ತಿಸಿ ಹತ್ತು ಮಿಲಿಲೀಟರಿಗೆ ತಂದರೆ ಸೀಸ ನೂರು ಪಟ್ಟು ಸಾಂದ್ರವಾಗುತ್ತದೆ. ಆಗ 397 ಮೈಕ್ರೊಗ್ರಾಂ ಇದ್ದದ್ದು ಲೀಟರಿಗೆ ಸುಮಾರು 40 ಮಿಲಿಗ್ರಾಂ ಲೆಕ್ಕಕ್ಕೆ ಬಂದು ಸಲ್ಫೈಡಿಗೆ ಕಂದು ಬಣ್ಣ ಕೊಡಬಲ್ಲದು. ಆದರೆ ಗಡುಸು ನೀರಾದರೆ ಸುಣ್ಣದ ಲವಣಗಳೂ ನೂರು ಪಟ್ಟಾಗಿ ಬಿಳಿ ಮಡ್ಡಿ ಕೂತು ಎಲ್ಲ ಗೋಜಲಾಗುತ್ತದೆ. ಪಾದರಸಕ್ಕಂತೂ ಈ ಉಪಾಯ ನಡೆಯದು; ಬತ್ತಿಸುವಾಗ ಪಾದರಸ ಆವಿಯಾಗಿ ಹೊರಟುಹೋಗುತ್ತದೆ.

ಇದರಿಂದಲೇ ಇನ್ನೊಂದು ಮಾತು ತಿಳಿಯುತ್ತದೆ. ‘ನಾವು ನೀರನ್ನು ಕುದಿಸಿಯೇ ಕುಡಿಯುತ್ತೇವೆ’ ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ. ಸೀಸ ಸಾಯುವ ವಸ್ತುವಲ್ಲ. ನೀರು ಬತ್ತಿದಷ್ಟೂ ಅದು ಹೆಚ್ಚುತ್ತದೆ.

ಗಡಿಯ ಹತ್ತಿರದ ಪ್ರಮಾಣ ಅಳೆಯಲು ಯಂತ್ರವೇ ಬೇಕು. ಸೀಸಕ್ಕೆ ಗ್ರಾಫೈಟ್ ಕುಲುಮೆಯ ಪರಮಾಣು ಹೀರಿಕೆ ಯಂತ್ರ ಅಥವಾ ಐ.ಸಿ.ಪಿ.-ಎಂ.ಎಸ್. ಎಂಬ ಯಂತ್ರ, ಪಾದರಸಕ್ಕೆ, ಮೇಲೆ ಹೇಳಿದ ಸ್ಟ್ಯಾನಸ್ ಕ್ಲೋರೈಡಿನಿಂದಲೇ ಅದನ್ನು ಲೋಹವಾಗಿಸಿ, ಗಾಳಿಯೂದಿ ತಣ್ಣನೆಯ ಆವಿಯಾಗಿ ಎಬ್ಬಿಸಿ ಅಳೆಯುವ ವಿಧಾನ. ಹತ್ತು ಅಂಕದ ಉತ್ತರದಲ್ಲಿ ಸರಳ ಪರೀಕ್ಷೆಗಳನ್ನು ಸಮೀಕರಣ ಸಹಿತ ಬರೆದು, ಕೊನೆಗೆ ‘ಇವು ಹೆಚ್ಚು ಪ್ರಮಾಣವನ್ನು ಮಾತ್ರ ತೋರಿಸುತ್ತವೆ; ಮಾನಕದ ಮಟ್ಟಕ್ಕೆ ಯಂತ್ರಗಳೇ ಬೇಕು’ ಎಂದು ಸೇರಿಸಬೇಕು.

ಎರಡು ಬಾಟಲಿಗಳು

ಹಾಗಾದರೆ ಮನೆಯಲ್ಲಿ ಮಾಡಬಹುದಾದ ಸರಳ ಪತ್ತೆ ಏನೂ ಇಲ್ಲವೇ? ಇದೆ, ಆದರೆ ಅದು ನೀರಿನದಲ್ಲ, ಪೈಪಿನದು. ಕಣ್ಣಿಗೆ ಕಾಣುವ ಹಳೆಯ ಪೈಪನ್ನು ಬೀಗದ ಕೈಯಿಂದ ಗೀರಿ ನೋಡಿ. ಮೆತ್ತಗಿದ್ದು, ಗೀರಿದಲ್ಲಿ ಬೆಳ್ಳಿಯಂತೆ ಹೊಳೆದು, ಅಯಸ್ಕಾಂತ ಹಿಡಿಯದಿದ್ದರೆ ಸೀಸವೆಂದು ಶಂಕಿಸಬೇಕು. ಜಿ.ಐ. ಪೈಪಾದರೆ ಅಯಸ್ಕಾಂತ ಅಂಟುತ್ತದೆ. ಗೀರಿದ ಜಾಗ ಕೆಂಪಗಿದ್ದರೆ ತಾಮ್ರ. ನೀರಿನ ರುಚಿ, ವಾಸನೆ, ಬಣ್ಣದಿಂದ ಮಾತ್ರ ಎರಡೂ ಲೋಹಗಳನ್ನು ತಿಳಿಯಲಾಗದು.

ಮುಂದಿನದು ನೀರನ್ನು ಪ್ರಯೋಗಾಲಯಕ್ಕೆ ಕಳಿಸುವುದು. ಹೇಗೆ ಹಿಡಿಯುತ್ತೀರಿ ಎಂಬುದರ ಮೇಲೆಯೇ ಫಲಿತಾಂಶ ನಿಂತಿದೆ. ಫ್ಲಿಂಟ್‌ನಲ್ಲಿ ಅಧಿಕಾರಿಗಳು, ಹಿಂದಿನ ರಾತ್ರಿಯೇ ನಲ್ಲಿಯನ್ನು ಸ್ವಲ್ಪ ಹೊತ್ತು ಬಿಟ್ಟು ನೀರು ಹರಿಸಿ, ಆಮೇಲೆ ಬೆಳಿಗ್ಗೆ ಮಾದರಿ ಹಿಡಿಯಿರಿ ಎಂದು ಜನರಿಗೆ ಹೇಳಿದ್ದರು. ಪೈಪಿನಲ್ಲಿ ಸಡಿಲವಾಗಿದ್ದ ಸೀಸವೆಲ್ಲ ರಾತ್ರಿಯೇ ಚರಂಡಿ ಸೇರುತ್ತಿತ್ತು, ಬೆಳಗಿನ ಬಾಟಲಿ ಶುದ್ಧವಾಗಿ ಕಾಣುತ್ತಿತ್ತು. ನೀವು ಹಾಗೆ ಮಾಡಬೇಡಿ.

ರಾತ್ರಿ ಮಲಗುವಾಗ ಅಡುಗೆಮನೆಯ ನಲ್ಲಿ ಮುಚ್ಚಿ, ಕನಿಷ್ಠ ಆರು ಗಂಟೆ ಯಾರೂ ಅದನ್ನು ತಿರುಗಿಸಬಾರದು. ಬೆಳಿಗ್ಗೆ ಮೊದಲ ಹನಿಯಿಂದಲೇ ಒಂದು ಲೀಟರನ್ನು ಪ್ರಯೋಗಾಲಯದವರು ಕೊಟ್ಟ ಬಾಟಲಿಯಲ್ಲಿ ಹಿಡಿಯಿರಿ. ಆಮೇಲೆ ಎರಡು ಮೂರು ನಿಮಿಷ ನೀರು ಹರಿಯಬಿಟ್ಟು (ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕಿ, ಚೆಲ್ಲಬೇಡಿ) ಎರಡನೆಯ ಬಾಟಲಿ ತುಂಬಿಸಿ. ಎರಡಕ್ಕೂ ಸಮಯ ಬರೆದು ಅಂಟಿಸಿ. ಮೊದಲನೆಯದರಲ್ಲಿ 0.038, ಎರಡನೆಯದರಲ್ಲಿ 0.004 ಮಿಲಿಗ್ರಾಂ ಬಂದಿತೆನ್ನಿ. ಮೊದಲನೆಯದು ಗಡಿಯ ನಾಲ್ಕು ಪಟ್ಟಿಗೆ ಹತ್ತಿರ, ಎರಡನೆಯದು ಗಡಿಯೊಳಗೆ. ಎಂದರೆ ಸೀಸ ಬರುತ್ತಿರುವುದು ನಲ್ಲಿ ಮತ್ತು ಅದರ ಹಿಂದಿನ ಕೆಲವು ಅಡಿ ಪೈಪಿನಿಂದ. ನಲ್ಲಿ ಬದಲಾಯಿಸಿ, ಅಲ್ಲಿಯವರೆಗೆ ಬೆಳಗಿನ ಮೊದಲ ನೀರನ್ನು ಪಾತ್ರೆ ತೊಳೆಯಲು ಬಳಸಿದರೆ ಆಯಿತು. ಎರಡೂ ಬಾಟಲಿಗಳಲ್ಲಿ ಹೆಚ್ಚಿದ್ದರೆ ದೋಷ ಹಿಂದಕ್ಕಿದೆ: ಟ್ಯಾಂಕು, ಬೀದಿಯ ಪೈಪು ಅಥವಾ ಬೋರ್‌ವೆಲ್. ಆಗ ಟ್ಯಾಂಕಿಗೆ ಸೇರುವ ಮೊದಲಿನ ನೀರನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಎರಡೂ ಗಡಿಯೊಳಗಿದ್ದರೆ ಇನ್ನೊಂದು ತಿಂಗಳ ಬಳಿಕ ಮತ್ತೊಮ್ಮೆ ನೋಡುವುದು ಒಳ್ಳೆಯದು, ಏಕೆಂದರೆ ಉದುರುವ ಚೂರುಗಳು ದಿನದಿನಕ್ಕೆ ಬೇರೆ. ವಾಲ್ಟರ್ಸ್ ಮನೆಯ 104, 397, 13,200 ಒಂದೇ ಮನೆಯ ಅಂಕಿಗಳು.

ಎನ್.ಎ.ಬಿ.ಎಲ್. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೇ ಕೊಡಿ. ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ‘ನೀವು ಸೀಸವನ್ನು ಎಷ್ಟು ಕಡಿಮೆಯವರೆಗೆ ಅಳೆಯಬಲ್ಲಿರಿ?’ 0.01ಕ್ಕಿಂತ ಕೆಳಗೆ ಅಳೆಯಲಾರದವರು ‘ಪತ್ತೆಯಾಗಲಿಲ್ಲ’ ಎಂದು ಬರೆದುಕೊಟ್ಟರೆ ಅದು ನಮ್ಮ ವಿದ್ಯಾರ್ಥಿನಿಯ ಪ್ರನಾಳದಷ್ಟೇ. ಕ್ಯಾಂಡಲ್ ಫಿಲ್ಟರಿನಿಂದ ಕರಗಿದ ಸೀಸ ಹೋಗದು, ಆರ್.ಓ. ಯಂತ್ರ ಬಹುಪಾಲು ತೆಗೆಯುತ್ತದೆ. ಅಡುಗೆಗೂ ಆ ನೀರನ್ನೇ ಬಳಸಬೇಕು, ಗೀಜರಿನ ಬಿಸಿನೀರನ್ನು ಅನ್ನಕ್ಕೆ, ಹಾಲಿನಪುಡಿಗೆ ಬಳಸುವ ಅಭ್ಯಾಸ ಬಿಡಬೇಕು.

ದಾವಣಗೆರೆಯ ಓದುಗರಿಗೆ ನನ್ನ ಸಲಹೆ: ಎರಡು ಬಾಟಲಿ ಕಳಿಸಿ. ಪೈಪಿನ ಸ್ಥಿತಿ ಗೊತ್ತಾಗುವವರೆಗೆ ಮೊಮ್ಮಗನಿಗೆ ಬೇರೆ ನೀರು ಕೊಡಿ. ಮೊದಲ ಬಾಟಲಿಯಲ್ಲಿ ಹೆಚ್ಚು ಬಂದರೆ ಮಗುವಿನ ರಕ್ತದ ಸೀಸದ ಪರೀಕ್ಷೆ ಮಾಡಿಸಿ. ಬೆರಳು ಚುಚ್ಚಿದ ರಕ್ತದಲ್ಲಿ ಹೆಚ್ಚು ಕಂಡರೆ ರಕ್ತನಾಳದಿಂದ ತೆಗೆದು ಮತ್ತೆ ನೋಡಬೇಕು, ಚರ್ಮದ ಮೇಲಿನ ಧೂಳಿನಿಂದಲೂ ಅಂಕಿ ಏರುತ್ತದೆ. ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಲಿ. ಕಬ್ಬಿಣ ಕಡಿಮೆಯಿದ್ದರೆ ವೈದ್ಯರು ಟಾನಿಕ್ ಬರೆದುಕೊಡುತ್ತಾರೆ. ರಾಗಿ, ಸೊಪ್ಪು, ಹಾಲು ಊಟದಲ್ಲಿರಲಿ. ಪಾದರಸದ ಪರೀಕ್ಷೆಗೆ ಈಗಲೇ ಹಣ ಖರ್ಚು ಮಾಡಬೇಕಾಗಿಲ್ಲ. ಹತ್ತಿರದಲ್ಲಿ ಅಂಥ ಕಾರ್ಖಾನೆಯೋ, ತ್ಯಾಜ್ಯ ಸುರಿಯುವ ಜಾಗವೋ ಇದ್ದರೆ ಮಾತ್ರ ಅದನ್ನು ಮಾಡಿಸಿ, ಮಾದರಿಯನ್ನು ಆಮ್ಲ ಹಾಕಿದ ಗಾಜಿನ ಬಾಟಲಿಯಲ್ಲಿ ಹಿಡಿಯಿರಿ.